ವೇಗ–ಕಾಲ ನಕ್ಷೆ: ಟ್ರಾಲಿ ಹಿಂದಕ್ಕೆ ಹೊರಳಿದ್ದು ಯಾವ ಕ್ಷಣ?

ಓಟದ ಟ್ರ್ಯಾಕಿನ ಪಕ್ಕ ನೇರ ಹಳಿಯ ಮೇಲೆ ಓಡುವ ಕ್ಯಾಮೆರಾ ಟ್ರಾಲಿಯೊಂದಿದೆ ಎಂದುಕೊಳ್ಳಿ. ಅದು ಓಟಗಾರರ ಜೊತೆ ಮುಂದಕ್ಕೆ ಹೋಗಿ, ನಿಧಾನವಾಗಿ, ಆಮೇಲೆ ಸ್ವಲ್ಪ ಹಿಂದಕ್ಕೆ ಬಂದು ನಿಂತಿತು. ಇಷ್ಟಕ್ಕೆ ಹಿಡಿದ ಸಮಯ 15 ಸೆಕೆಂಡು. ಈ ಓಡಾಟದ ವೇಗ–ಕಾಲ ನಕ್ಷೆಯನ್ನು ಕೈಯಲ್ಲಿ ಹಿಡಿದು ಮೂರು ಪ್ರಶ್ನೆ ಕೇಳೋಣ. ಟ್ರಾಲಿ ದಿಕ್ಕು ಬದಲಿಸಿದ್ದು ಯಾವಾಗ? ಅದರ ವೇಗೋತ್ಕರ್ಷ ಎಷ್ಟು? ಹೊರಟ ಜಾಗದಿಂದ ಎಷ್ಟು ದೂರದಲ್ಲಿ ನಿಂತಿದೆ?

ಓದುವುದಕ್ಕಿಂತ ಬರೆದು ನೋಡಿದರೆ ಬೇಗ ಹಿಡಿಸುತ್ತದೆ. ಗ್ರಾಫ್ ಹಾಳೆಯ ನಡುವೆ ಅಡ್ಡಗೆರೆ ಎಳೆದು ಅದನ್ನೇ ಸಮಯದ ಅಕ್ಷ ಮಾಡಿಕೊಳ್ಳಿ. ಋಣ ವೇಗಕ್ಕೂ ಜಾಗ ಬೇಕಾದ್ದರಿಂದ ಅಕ್ಷವನ್ನು ಹಾಳೆಯ ತಳಕ್ಕೆ ಹಾಕಬೇಡಿ. 1 ಸೆಂ.ಮೀ. ಅಗಲ ಎಂದರೆ 1 ಸೆಕೆಂಡು, 1 ಸೆಂ.ಮೀ. ಎತ್ತರ ಎಂದರೆ ಸೆಕೆಂಡಿಗೆ 1 ಮೀಟರ್. ಈಗ ಈ ಚುಕ್ಕಿಗಳನ್ನು ಇಟ್ಟು, ಒಂದರಿಂದ ಇನ್ನೊಂದಕ್ಕೆ ಸ್ಕೇಲಿನಿಂದ ಗೆರೆ ಎಳೆಯಿರಿ:

ಸಮಯ 0 ಸೆ. – ವೇಗ 0
3 ಸೆ. – 6 ಮೀ/ಸೆ
7 ಸೆ. – 6 ಮೀ/ಸೆ
13 ಸೆ. – −3 ಮೀ/ಸೆ
15 ಸೆ. – 0

ಮೊದಲು ಹೊರಳುವ ಕ್ಷಣ

ಸಾಮಾನ್ಯವಾಗಿ ಇದನ್ನು ಕೊನೆಗೆ ಕೇಳುತ್ತಾರೆ. ಆದರೆ ಮೊದಲು ಹುಡುಕಿಟ್ಟುಕೊಂಡರೆ ಮುಂದಿನ ಲೆಕ್ಕ ಹಗುರಾಗುತ್ತದೆ. ಅಕ್ಷದ ಮೇಲ್ಗಡೆ ಇರುವ ಗೆರೆ ಮುಂದಿನ ಚಲನೆ, ಕೆಳಗಡೆ ಇರುವುದು ಹಿಂದಿನ ಚಲನೆ. ಹಾಗಾಗಿ ಗೆರೆ ಸಮಯದ ಅಕ್ಷವನ್ನು ದಾಟುವ ಕ್ಷಣವೇ ಟ್ರಾಲಿ ಹೊರಳುವ ಕ್ಷಣ.

ತಪ್ಪುವುದು ಇಲ್ಲೇ. 7ನೇ ಸೆಕೆಂಡಿನಲ್ಲಿ ಗೆರೆ ಕೆಳಮುಖವಾಯಿತಲ್ಲ, ಆಗಲೇ ಟ್ರಾಲಿ ಹಿಂದಕ್ಕೆ ಹೊರಟಿತು ಎಂದು ಬಹಳ ಮಕ್ಕಳು ಬರೆಯುತ್ತಾರೆ. ನಕ್ಷೆಯನ್ನು ಟ್ರಾಲಿ ಸಾಗಿದ ದಾರಿಯ ಚಿತ್ರದಂತೆ ನೋಡಿದಾಗ ಹೀಗಾಗುತ್ತದೆ. 9ನೇ ಸೆಕೆಂಡಿಗೆ ಬೆರಳಿಟ್ಟು ನೋಡಿ: ವೇಗ ಇನ್ನೂ 3 ಮೀ/ಸೆ, ಅಂದರೆ ಟ್ರಾಲಿ ಮುಂದಕ್ಕೇ ಹೋಗುತ್ತಿದೆ, ನಿಧಾನವಾಗಿದೆ ಅಷ್ಟೆ.

ದಾಟುವ ಬಿಂದುವನ್ನು ಹಾಳೆಯಲ್ಲೇ ಓದಬಹುದು. ಲೆಕ್ಕದಿಂದ ಬೇಕಿದ್ದರೆ, 7ರಿಂದ 13ನೇ ಸೆಕೆಂಡಿನವರೆಗೆ, ಅಂದರೆ 6 ಸೆಕೆಂಡಿನಲ್ಲಿ, ವೇಗ 6ರಿಂದ −3ಕ್ಕೆ ಬಂದಿದೆ. ಒಟ್ಟು 9 ಮೀ/ಸೆ ಇಳಿಕೆ; ಪ್ರತಿ ಸೆಕೆಂಡಿಗೆ 1.5. ಇದ್ದ 6 ಪೂರಾ ಕರಗಲು 6 ÷ 1.5 = 4 ಸೆಕೆಂಡು ಬೇಕು. 7 + 4 = 11. ಟ್ರಾಲಿ ಹೊರಳಿದ್ದು 11ನೇ ಸೆಕೆಂಡಿನಲ್ಲಿ.

15ನೇ ಸೆಕೆಂಡಿನಲ್ಲೂ ವೇಗ ಸೊನ್ನೆಯೇ. ಆದರೆ ಗೆರೆ ಅಲ್ಲಿ ಅಕ್ಷವನ್ನು ಮುಟ್ಟಿ ಮುಗಿಯುತ್ತದೆ, ದಾಟುವುದಿಲ್ಲ. ಅದು ನಿಲುಗಡೆ, ಹೊರಳುವಿಕೆ ಅಲ್ಲ. ಸೊನ್ನೆ ಕಂಡಲ್ಲೆಲ್ಲ ಅದರ ಎಡಕ್ಕೂ ಬಲಕ್ಕೂ ವೇಗದ ಚಿಹ್ನೆ ಏನಿದೆ ಎಂದು ನೋಡಲೇಬೇಕು.

ವೇಗೋತ್ಕರ್ಷ: ಗೆರೆಯ ಓರೆ

ಗೆರೆಯ ಪ್ರತಿ ನೇರ ತುಂಡಿಗೂ ಒಂದೊಂದು ವೇಗೋತ್ಕರ್ಷ. ವೇಗದಲ್ಲಾದ ಬದಲಾವಣೆಯನ್ನು ಅದಕ್ಕೆ ಹಿಡಿದ ಸಮಯದಿಂದ ಭಾಗಿಸಿ. ಮೊದಲ ತುಂಡು: (6 − 0) ÷ 3 = 2 ಮೀ/ಸೆ². ಎರಡನೆಯದು ಮಟ್ಟಸ, ಆದ್ದರಿಂದ ಸೊನ್ನೆ. ಮೂರನೆಯದು: (−3 − 6) ÷ (13 − 7) = −1.5 ಮೀ/ಸೆ². ಕೊನೆಯದು: (0 − (−3)) ÷ (15 − 13) = +1.5 ಮೀ/ಸೆ².

9ನೇ ಸೆಕೆಂಡಿನ ವೇಗೋತ್ಕರ್ಷ ಕೇಳಿದರೆ 3 ÷ 9 ಎಂದು ಭಾಗಿಸುವವರಿದ್ದಾರೆ. ಅದು ಆ ಚುಕ್ಕಿಯಿಂದ ಮೂಲಬಿಂದುವಿಗೆ ಎಳೆದ, ನಕ್ಷೆಯಲ್ಲಿ ಇಲ್ಲದ ಗೆರೆಯ ಓರೆ. ಆ ಚುಕ್ಕಿ ಯಾವ ತುಂಡಿನ ಮೇಲಿದೆಯೋ ಆ ತುಂಡಿನ ಓರೆಯೇ ಉತ್ತರ: −1.5.

ಈಗ 11ನೇ ಸೆಕೆಂಡಿಗೆ ಮರಳಿ. ವೇಗ ಸೊನ್ನೆ, ಆದರೆ ವೇಗೋತ್ಕರ್ಷ ಸೊನ್ನೆಯಲ್ಲ. ಗೆರೆ ಅದೇ ಓರೆಯಲ್ಲಿ ಅಕ್ಷವನ್ನು ಕತ್ತರಿಸಿಕೊಂಡು ಹೋಗಿದೆ. ಅಲ್ಲಿ ವೇಗೋತ್ಕರ್ಷವೂ ಸೊನ್ನೆಯಾಗಿ ಹಾಗೇ ಉಳಿದಿದ್ದರೆ ಟ್ರಾಲಿ ಹೊರಳುತ್ತಲೇ ಇರಲಿಲ್ಲ, ನಿಂತಲ್ಲೇ ನಿಂತಿರುತ್ತಿತ್ತು.

ವೇಗೋತ್ಕರ್ಷ ಋಣವಾದರೆ ನಿಧಾನವಾಗುತ್ತಿದೆ ಎಂಬ ಸೂತ್ರವನ್ನು ಬಾಯಿಪಾಠ ಮಾಡಿದ್ದರೆ ಮರೆತುಬಿಡುವುದು ಒಳ್ಳೆಯದು. 11ರಿಂದ 13ರವರೆಗೆ ವೇಗೋತ್ಕರ್ಷ −1.5, ಆದರೂ ಟ್ರಾಲಿಯ ಜವ 0ಯಿಂದ 3ಕ್ಕೆ ಏರುತ್ತಿದೆ, ಹಿಮ್ಮುಖವಾಗಿ. 13ರಿಂದ 15ರವರೆಗೆ ವೇಗೋತ್ಕರ್ಷ ಧನ, ಆದರೆ ಟ್ರಾಲಿ ನಿಧಾನವಾಗುತ್ತಿದೆ. ನೋಡಬೇಕಾದ್ದು ಎರಡರ ಚಿಹ್ನೆಯನ್ನೂ: ವೇಗ, ವೇಗೋತ್ಕರ್ಷ ಎರಡಕ್ಕೂ ಒಂದೇ ಚಿಹ್ನೆ ಇದ್ದರೆ ಜವ ಹೆಚ್ಚುತ್ತದೆ, ಬೇರೆ ಬೇರೆ ಇದ್ದರೆ ತಗ್ಗುತ್ತದೆ. ನಕ್ಷೆಯ ಮೇಲಾದರೆ ಇನ್ನೂ ಸುಲಭ. ಗೆರೆ ಅಕ್ಷದಿಂದ ದೂರ ಸರಿದರೆ ಚುರುಕು, ಅಕ್ಷದ ಹತ್ತಿರ ಬಂದರೆ ನಿಧಾನ.

ಸ್ಥಾನಪಲ್ಲಟ: ಗೆರೆಗೂ ಅಕ್ಷಕ್ಕೂ ನಡುವಿನ ವಿಸ್ತೀರ್ಣ

ಮೊದಲೇ ಗುರುತಿಸಿದ 11ನೇ ಸೆಕೆಂಡು ಈಗ ಉಪಯೋಗಕ್ಕೆ ಬರುತ್ತದೆ. ಅಲ್ಲಿ ನಕ್ಷೆಯನ್ನು ಎರಡಾಗಿ ಸೀಳಿ. ಮೇಲಿನ ಭಾಗದಲ್ಲಿ ಒಂದು ತ್ರಿಭುಜ (½ × 3 × 6 = 9 ಮೀ.), ಒಂದು ಆಯತ (4 × 6 = 24 ಮೀ.), ಇನ್ನೊಂದು ತ್ರಿಭುಜ (½ × 4 × 6 = 12 ಮೀ.) ಇವೆ. ಒಟ್ಟು 45 ಮೀಟರ್. ಟ್ರಾಲಿ ಅತಿ ದೂರ ತಲುಪಿದ್ದು ಇಷ್ಟು, ಅದೂ 11ನೇ ಸೆಕೆಂಡಿನಲ್ಲಿ.

ಅಕ್ಷದ ಕೆಳಗಿರುವುದು 4 ಸೆಕೆಂಡು ಅಗಲದ, 3 ಮೀ/ಸೆ ಆಳದ ಒಂದೇ ತ್ರಿಭುಜ: ½ × 4 × 3 = 6 ಮೀ. ಇದು ಹಿಂದಕ್ಕೆ ಬಂದ ದೂರ, ಆದ್ದರಿಂದ ಕಳೆಯಬೇಕು. ಸ್ಥಾನಪಲ್ಲಟ 45 − 6 = 39 ಮೀಟರ್. ಪ್ರಶ್ನೆ ಸ್ಥಾನಪಲ್ಲಟವಲ್ಲ, ಚಲಿಸಿದ ದೂರ ಎಂದಿದ್ದರೆ ಕೂಡಿಸಿ: 51 ಮೀಟರ್.

ಮೂರನೇ ತುಂಡನ್ನು ಇನ್ನೊಂದು ಬಗೆಯಲ್ಲಿ ತಾಳೆ ನೋಡಬಹುದು. 7ರಿಂದ 13ರವರೆಗಿನ ಸರಾಸರಿ ವೇಗ (6 + (−3)) ÷ 2 = 1.5 ಮೀ/ಸೆ, 6 ಸೆಕೆಂಡಿಗೆ 9 ಮೀಟರ್. ತ್ರಿಭುಜಗಳ ಲೆಕ್ಕದಲ್ಲೂ 12 − 3 = 9. ಈ ಸರಾಸರಿಯ ದಾರಿ ನೇರ ಗೆರೆಗೆ ಮಾತ್ರ ಸಲ್ಲುತ್ತದೆ, ಸ್ಥಾನಪಲ್ಲಟವನ್ನಷ್ಟೇ ಕೊಡುತ್ತದೆ. ದೂರ ಬೇಕಿದ್ದರೆ ಸೊನ್ನೆಯಲ್ಲಿ ಸೀಳುವುದು ತಪ್ಪುವುದಿಲ್ಲ.

ವಿಸ್ತೀರ್ಣವನ್ನು ಅಳೆಯಬೇಕಾದ್ದು ವೇಗ ಸೊನ್ನೆಯಾಗಿರುವ ಗೆರೆಯಿಂದ, ಹಾಳೆಯ ತಳದಿಂದಲ್ಲ. ಕೆಲವು ನಕ್ಷೆಗಳಲ್ಲಿ ತಳದ ಗೆರೆಯೇ 10 ಮೀ/ಸೆಯಿಂದ ಶುರುವಾಗಿರುತ್ತದೆ. ಕಣ್ಣಿಗೆ ಕಾಣದ ಆ ಕೆಳಗಿನ ಪಟ್ಟಿಯನ್ನೂ ಸೇರಿಸಬೇಕು. ವೇಗ ಗಂಟೆಗೆ ಕಿ.ಮೀ.ನಲ್ಲಿ, ಸಮಯ ಸೆಕೆಂಡಿನಲ್ಲಿ ಇದ್ದರೆ ಮೊದಲು ವೇಗವನ್ನು 3.6ರಿಂದ ಭಾಗಿಸಿ ಮೀ/ಸೆಗೆ ತನ್ನಿ.

ಗೆರೆ ಬಾಗಿದ್ದರೆ ತ್ರಿಭುಜ ಸಿಗುವುದಿಲ್ಲ, ಚೌಕಗಳನ್ನು ಎಣಿಸಬೇಕು. ನಮ್ಮ ಅಳತೆಯಲ್ಲಿ 1 ಸೆಂ.ಮೀ. ಚೌಕಕ್ಕೆ 1 ಮೀಟರ್. ಎತ್ತರದ 1 ಸೆಂ.ಮೀ.ಗೆ 2 ಮೀ/ಸೆ ಇಟ್ಟಿದ್ದರೆ 2 ಮೀಟರ್. ಅರ್ಧಕ್ಕಿಂತ ಹೆಚ್ಚು ಒಳಗಿರುವ ಚೌಕವನ್ನು ಪೂರ್ತಿ ಎಂದೂ ಕಡಿಮೆ ಇರುವುದನ್ನು ಸೊನ್ನೆ ಎಂದೂ ಹಿಡಿಯಿರಿ. ವೇಗೋತ್ಕರ್ಷಕ್ಕೆ ಬೇಕಾದ ಕ್ಷಣದಲ್ಲಿ ಗೆರೆಗೆ ಸ್ಪರ್ಶಕ ಎಳೆದು ಅದರ ಓರೆ ತೆಗೆಯಿರಿ. ಸ್ಪರ್ಶಕವನ್ನು ಆದಷ್ಟು ಉದ್ದಕ್ಕೆ ಎಳೆದು ಎರಡೂ ತುದಿಗಳ ಹತ್ತಿರ ಓದಿ. ಗಿಡ್ಡ ಗೆರೆಯಾದರೆ ಒಂದು ಮಿ.ಮೀ. ತಪ್ಪಿಗೂ ಉತ್ತರ ಬಹಳ ಬದಲಾಗುತ್ತದೆ.

ಟ್ರಾಲಿ ಹಳಿಯ ಯಾವ ಗುರುತಿನಿಂದ ಹೊರಟಿತು ಎಂಬುದು ಮಾತ್ರ ಈ ನಕ್ಷೆಯಲ್ಲಿಲ್ಲ. ಅದು 20 ಮೀಟರಿನ ಗುರುತಿನಿಂದ ಹೊರಟಿದ್ದರೆ ಹೊರಳಿದ್ದು 65ರಲ್ಲಿ, ನಿಂತಿದ್ದು 59ರಲ್ಲಿ.