ತಪ್ಪಿದ್ದು ಹೇಗೆ ಅಂತ ಬರೆಯಿರಿ: ನಿಯರ್ ಮಿಸ್ ಕಾರ್ಡಿನ ನನ್ನ ಅನುಭವ

ಪೀಣ್ಯ ಕಡೆಯ ಫ್ಯಾಬ್ರಿಕೇಶನ್ ಶೆಡ್ಡು. ಕಂಬಸಾಲುಗಳ ನಡುವಿನ ಎರಡು ಬೇ, ತಲೆಯ ಮೇಲೆ ಹಳಿಯಲ್ಲಿ ಓಡುವ 5 ಟನ್ನಿನ ಎರಡು ಇಒಟಿ ಕ್ರೇನು, ಎರಡು ಶಿಫ್ಟಿಗೂ ಸೇರಿ ತೊಂಬತ್ತು ಚಿಲ್ಲರೆ ಜನ. ಇಂಥ ಕಡೆ ನಿಯರ್ ಮಿಸ್, ಅಂದರೆ ಸ್ವಲ್ಪದರಲ್ಲೇ ತಪ್ಪಿದ ಅವಘಡದ ರಿಪೋರ್ಟು ನಡೆಯುವುದಿಲ್ಲ, ಅದೆಲ್ಲ ದೊಡ್ಡ ಕಂಪನಿಗಳ ಆಡಿಟ್ ಫೈಲಿಗೆ ಸರಿ ಎಂದು ಹೇಳಿದವರೇ ಹೆಚ್ಚು. ಈಗ ತಿಂಗಳಿಗೆ ಹದಿನೈದರಿಂದ ಇಪ್ಪತ್ತು ಕಾರ್ಡು ಬರುತ್ತವೆ, ಅದರಲ್ಲಿ ಐದಾರಾದರೂ ಕೆಲಸಕ್ಕೆ ಬರುವಂಥವು. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಕೆಟ್ಟದ್ದು ಹೇಳುತ್ತೇನೆ. ಆಫೀಸಿನಲ್ಲಿ ರಿಜಿಸ್ಟರ್ ಇಟ್ಟೆವು. ಎಂಟು ತಿಂಗಳಲ್ಲಿ ಮೂರು ಎಂಟ್ರಿ ಬಂದವು, ಎರಡು ನಾನೇ ಬರೆದದ್ದು. ಮೊಬೈಲಿನಲ್ಲಿ ತುಂಬುವ ಫಾರ್ಮು ಮಾಡಿಸಿದರೆ, ಗ್ರೀಸ್ ಕೈಯಲ್ಲಿ ಯಾರೂ ಮುಟ್ಟಲಿಲ್ಲ. ಕೊನೆಗೆ ರಿಪೋರ್ಟಿಗೆ ನೂರು ರೂಪಾಯಿ ಬಹುಮಾನ ಎಂದದ್ದು ದೊಡ್ಡ ತಪ್ಪು. ಎರಡು ತಿಂಗಳಲ್ಲಿ ಒಂಬತ್ತು ಸಾವಿರದಷ್ಟು ಹೋಯಿತು, ಬಂದದ್ದೆಲ್ಲ ‘ನೆಲದ ಮೇಲೆ ಎಣ್ಣೆ ಇದೆ’, ‘ಲೈಟು ಉರಿಯುತ್ತಿಲ್ಲ’. ನೆಲದ ಮೇಲೆ ಎಣ್ಣೆ ಇರುವುದು ಹೌಸ್‌ಕೀಪಿಂಗ್ ದೂರು. ಅದರ ಮೇಲೆ ಕಾಲು ಜಾರಿ, ಕೈಗೆ ರೇಲಿಂಗ್ ಸಿಕ್ಕಿ ನಿಂತರೆ ನಿಯರ್ ಮಿಸ್. ಏನೋ ಒಂದು ಶುರುವಾಗಿರಬೇಕು, ಏನೋ ಒಂದು ಅದನ್ನು ನಿಲ್ಲಿಸಿರಬೇಕು. ಈ ಎರಡನೆಯದನ್ನು ನಾವು ಬರೆಯುತ್ತಲೇ ಇರಲಿಲ್ಲ.

ಅದು ಗೊತ್ತಾದದ್ದು ಒಂದು ಉಕ್ಕಿನ ಪ್ಲೇಟಿನಿಂದ. 6 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 20 ಎಂಎಂ ದಪ್ಪ. ಚದರ ಮೀಟರಿಗೆ, ದಪ್ಪದ ಪ್ರತಿ ಎಂಎಂಗೆ 7.85 ಕೆಜಿ ಹಿಡಿದರೆ 1,400 ಕೆಜಿ ಚಿಲ್ಲರೆ. ಹೊರೆ ಎತ್ತುವ 2 ಟನ್ನಿನ ಹಸಿರು ನೂಲಿನ ಬೆಲ್ಟು ಎರಡು, ಪ್ಲೇಟಿನ ಅಡಿಯಿಂದ ತೊಟ್ಟಿಲ ಹಾಗೆ ಹಾಕಿದ್ದರು. ಎತ್ತುವಾಗ ಒಂದು ಬೆಲ್ಟು ಕಡಿದು ಪ್ಲೇಟಿನ ಒಂದು ತುದಿ ಕೆಳಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ರಿಜಿಸ್ಟರಿನಲ್ಲಿ ಬರೆದದ್ದು ಇಷ್ಟು: ‘ಬೆಲ್ಟ್ ಹಳೆಯದು, ಕಡಿದಿದೆ. ಹೊಸದು ಹಾಕಲಾಗಿದೆ. ಎಚ್ಚರಿಕೆಯಿಂದ ಕೆಲಸ ಮಾಡಲು ಸೂಚಿಸಲಾಗಿದೆ.’

ಮೂರು ವಾರಕ್ಕೆ ಆ ಹೊಸ ಬೆಲ್ಟಿನಲ್ಲೂ ಅದೇ ಜಾಗದಲ್ಲಿ ಗಾಯ. ಸ್ಕ್ರ್ಯಾಪಿನಲ್ಲಿ ಬಿದ್ದಿದ್ದ ಹಳೆಯದನ್ನು ಹುಡುಕಿ ತಂದು ಎರಡನ್ನೂ ನೆಲದ ಮೇಲೆ ಚಾಚಿ ಟೇಪ್ ಹಿಡಿದೆವು. ಹೊರೆ ಹೆಚ್ಚಾಗಿ ಹರಿದ ಬೆಲ್ಟಿನ ನೂಲು ಎಳೆದೆಳೆದು ಪುರುಪುರು ಆಗಿರುತ್ತದೆ. ಇಲ್ಲಿ ಬ್ಲೇಡಿನಲ್ಲಿ ಕೊಯ್ದಂತೆ ನೇರ ಗೀಟು, ಅದರ ಪಕ್ಕ ಒಂದು ಅಂಗೈಯಗಲ ಉಜ್ಜಿದ ಗುರುತು. ಅಂದರೆ ಭಾರವಲ್ಲ, ಅಂಚು. ಪ್ಲೇಟು ಗ್ಯಾಸ್ ಕಟಿಂಗಿನಿಂದ ನೇರ ಬಂದದ್ದು, ಕೆಳ ಅಂಚಿನಲ್ಲಿ ಕಿಟ್ಟ ಹಾಗೇ ಇತ್ತು. ಜೊತೆಗೆ ಹುಕ್ಕು ನಡುವಿಗೆ ಬಂದಿರಲಿಲ್ಲ, ಒಂದು ತುದಿ ಮೊದಲು ಎದ್ದು ಬೆಲ್ಟು ಅಂಚಿನ ಮೇಲೆ ಜಾರಿದೆ. ಅಂಚಿನ ಮೇಲೆ ಸುಮ್ಮನೆ ಒತ್ತಿ ಕೂತ ಬೆಲ್ಟು ಎಷ್ಟೋ ತಡೆಯುತ್ತದೆ. ಹೊರೆ ಹೊತ್ತು ಜಾರಿದರೆ ಮುಗಿಯಿತು. 2 ಟನ್ನಿನ ಬದಲು 4 ಟನ್ನಿನದು ಹಾಕಿದ್ದರೂ ಕೊಯ್ದೇ ಕೊಯ್ಯುತ್ತಿತ್ತು.

ಅದಕ್ಕಿಂತ ಮುಖ್ಯವಾದದ್ದು ಮೊದಲ ಸಲ ಪಾರಾದದ್ದು ಹೇಗೆ ಎಂಬುದು. ಕೇಳಿದಾಗ ಎರಡು ಸಂಗತಿ ಬಂದವು. ಆಪರೇಟರು ಪ್ಲೇಟನ್ನು ಅರ್ಧ ಅಡಿ ಎತ್ತಿ ನಿಲ್ಲಿಸಿ ನೋಡುವವರು, ಬೆಲ್ಟು ಆಗಲೇ ಕಡಿದದ್ದು, ಕೆಳಗಿನ ಮರದ ಪ್ಯಾಕಿಂಗ್ ಇನ್ನೂ ತೆಗೆದಿರಲಿಲ್ಲ. ಎರಡನೆಯದು, ತುದಿಯಲ್ಲಿ ಕೈ ಹಿಡಿದು ನಿಂತಿದ್ದ ಹೆಲ್ಪರ್ ಇನ್ನೊಂದು ಮರದ ತುಂಡು ತರಲು ಆಗಷ್ಟೇ ಹೋಗಿದ್ದ. ಮೊದಲನೆಯದು ಒಬ್ಬರ ಅಭ್ಯಾಸ. ಇನ್ನೊಂದು ಶಿಫ್ಟಿನ ಆಪರೇಟರಿಗೆ ಆ ಅಭ್ಯಾಸ ಇಲ್ಲ, ನೇರ ಎದೆಮಟ್ಟಕ್ಕೆ ಎತ್ತುತ್ತಾರೆ. ಎರಡನೆಯದು ಬರೀ ಅದೃಷ್ಟ.

ಅಲ್ಲಿಂದ ರಿಜಿಸ್ಟರ್ ಹೋಗಿ ಕಾರ್ಡು ಬಂತು. ಅರ್ಧ ಎ4 ಅಳತೆ, ಒಂದು ಕಡೆ ಕನ್ನಡ, ಹಿಂದೆ ಹಿಂದಿ. ತಲೆಬರಹ ‘ಸ್ವಲ್ಪದರಲ್ಲೇ ತಪ್ಪಿದ್ದು’. ಐನೂರು ಕಾರ್ಡಿಗೆ ಸಾವಿರ ರೂಪಾಯಿಯ ಆಸುಪಾಸು ಆಯಿತು. ಕ್ರೇನ್ ಸ್ವಿಚ್‌ಬೋರ್ಡಿನ ಪಕ್ಕ ಡಬ್ಬಿ, ದಾರಕ್ಕೆ ಕಟ್ಟಿದ ಪೆನ್ಸಿಲ್. ಪೆನ್ನು ಇಟ್ಟರೆ ಸಂಜೆಗೆ ಮಾಯ. ಕೇಳುವುದು ಏಳೇ ವಿಷಯ: ಏನಾಗುತ್ತಿತ್ತು, ಹೊರೆ ನೆಲದಿಂದ ಎಷ್ಟು ಎತ್ತರ, ಹತ್ತಿರದ ಮನುಷ್ಯ ಎಷ್ಟು ಹೆಜ್ಜೆ ದೂರ, ಅದಕ್ಕೆ ಐದು ನಿಮಿಷ ಮುಂಚೆ ಎಲ್ಲಿದ್ದ, ಇವತ್ತು ದಿನದಂತೆ ಇಲ್ಲದ್ದು ಏನು, ಯಾವುದರಿಂದ ತಪ್ಪಿತು, ಅದು ನಾಳೆಯೂ ಅಲ್ಲಿರುತ್ತದೆಯೇ. ಹೆಸರಿನ ಜಾಗವೇ ಇಲ್ಲ. ‘ಕಾರಣ’ ಎಂಬ ಕಾಲಂ ಬೇಕೆಂದೇ ತೆಗೆದೆ, ಅದಿದ್ದರೆ ಎಲ್ಲರೂ ‘ಅಜಾಗರೂಕತೆ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ದೂರವನ್ನು ಹೆಜ್ಜೆಯಲ್ಲೇ ಕೇಳಿ. ಮೀಟರ್ ಎಂದರೆ ಅಂದಾಜು ಹೊಡೆಯುತ್ತಾರೆ, ಹೆಜ್ಜೆ ಎಂದರೆ ನಡೆದು ನೋಡುತ್ತಾರೆ.

ಜಾಗ ಗುಡಿಸುವ ಮೊದಲು ಎರಡು ಫೋಟೋ ಬೇಕು. ಒಂದು ಮುರಿದ ವಸ್ತುವಿನದು, ಇನ್ನೊಂದು ಮನುಷ್ಯ ನಿಂತಿದ್ದ ಜಾಗದಿಂದ ಆ ವಸ್ತುವಿನ ಕಡೆಗೆ. ಎರಡನೆಯದನ್ನು ಯಾರೂ ತೆಗೆಯುವುದಿಲ್ಲ, ಆಪರೇಟರಿಗೆ ಹೆಲ್ಪರ್ ಕಾಣುತ್ತಿದ್ದನೇ ಇಲ್ಲವೇ ಎಂಬುದು ಅದರಲ್ಲೇ ಸಿಗುವುದು. ಕಡಿದ ಬೆಲ್ಟು, ಶಾಕಲ್ಲು ಎಂಬ ಕೊಂಡಿ ಸ್ಕ್ರ್ಯಾಪಿಗೆ ಹೋಗಬಾರದು, ಟ್ಯಾಗ್ ನಂಬರ್ ಸಮೇತ ಒಂದು ತಿಂಗಳು ಇಡಿ. ಮರುದಿನ ಬರೆದ ಕಾರ್ಡು ಅರ್ಧ ಕಥೆ. (ಕ್ರೇನೇ ಮುರಿದು ಬಿದ್ದಂಥದ್ದಾದರೆ ಗಾಯವಾಗದಿದ್ದರೂ ಕಾರ್ಖಾನೆ ಇಲಾಖೆಗೆ ತಿಳಿಸಬೇಕಾಗುತ್ತದೆ. ಅದರ ಫಾರ್ಮು ಬೇರೆ, ಈ ಕಾರ್ಡು ಅದಕ್ಕೆ ಸಾಲದು.)

ಪ್ಲೇಟಿನ ಘಟನೆಯಿಂದ ಮೂರು ಕೆಲಸ ಆಯಿತು. ಕಟಿಂಗ್ ಟೇಬಲಿನಲ್ಲೇ ಕಿಟ್ಟ ತಟ್ಟಿ ತೆಗೆಯದೆ ಪ್ಲೇಟು ಎತ್ತುವಂತಿಲ್ಲ. ಹಳೆ ಎಚ್‌ಡಿಪಿಇ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆ ತೊಡಿಸುವ ತುಂಡು ಮಾಡಿದೆವು. ಅರ್ಧ ಅಡಿ ಎತ್ತಿ, ಕೈ ಬಿಟ್ಟು, ಎಲ್ಲರೂ ಮೂರು ಹೆಜ್ಜೆ ಹಿಂದೆ ಹೋಗುವುದು ಇಬ್ಬರು ಆಪರೇಟರಿಗೂ ನಿಯಮವಾಯಿತು. ಮೊದಲು ತಿಂಗಳಿಗೊಂದು ಬೆಲ್ಟು ಹೋಗುತ್ತಿತ್ತು, ಒಂದಕ್ಕೆ ಎರಡು ಸಾವಿರದ ಮೇಲೆ. ಈಗ ನಾಲ್ಕೈದು ತಿಂಗಳಿಗೊಂದು. ಮಾಲೀಕರು ಕಾರ್ಡಿಗೆ ಒಪ್ಪಿದ್ದು ಸುರಕ್ಷತೆಗಲ್ಲ, ಈ ಲೆಕ್ಕ ನೋಡಿ. ಆದರೆ ಪೈಪಿನ ತುಂಡು ಬೆಲ್ಟು ಬಿಗಿಯಾಗುವ ಮುಂಚೆ ಕಳಚಿ ಬೀಳುತ್ತದೆ. ಅದು ನಿಲ್ಲಲು ನಾನು ಮಾಡಿದ ಉಪಾಯ ಶೆಡ್ಡಿಗೆ ಬಂದರೆ ತೋರಿಸುತ್ತೇನೆ, ಇಲ್ಲಿ ಬರೆಯಲ್ಲ.

ಕಾರ್ಡು ಹಾಕಿದ ಎರಡು ದಿನದೊಳಗೆ ಬೋರ್ಡಿನಲ್ಲಿ ಉತ್ತರ ಇರಬೇಕು, ‘ಆಗುವುದಿಲ್ಲ, ದುಡ್ಡಿಲ್ಲ’ ಎಂದಾದರೂ ಸರಿ. ಒಮ್ಮೆ ಹತ್ತು ದಿನ ತಡಮಾಡಿದೆ, ಆ ತಿಂಗಳು ಕಾರ್ಡು ನಾಲ್ಕಕ್ಕೆ ಇಳಿಯಿತು.

ನಡುವೆ ಇನ್ನೊಂದು ಪ್ರಯೋಗ ನಡೆಯಿತು. ಶೆಡ್ಡಿನ ನಕ್ಷೆ ಥರ್ಮೋಕೋಲಿಗೆ ಅಂಟಿಸಿ ಕಾರ್ಡಿಗೊಂದು ಗುಂಡುಪಿನ್ನು ಚುಚ್ಚಿದೆ. ಕ್ರೇನಿನ ಕೆಳಗೇ ಹೆಚ್ಚಿರಬಹುದು ಎಂದುಕೊಂಡಿದ್ದರೆ, ಮೂರನೇ ಒಂದು ಪಾಲು ಎರಡನೇ ಬೇಯ ಗೇಟಿನ ಹತ್ತಿರ, ಟೀ ಬಿಡುವಿನ ಆಚೀಚೆ. ಜನ ಟೀಗೆ ಹೋಗುವ ಅಡ್ಡದಾರಿ ಅದು, ಹೊರೆ ಹೋಗುವ ದಾರಿಯೂ ಅದೇ. ಟೀ ಕ್ಯಾನು ಇಡುವ ಮೇಜನ್ನು ಈಚೆ ಬದಿಗೆ ತಂದೆವು, ಖರ್ಚು ಸೊನ್ನೆ.

ಸೋತದ್ದು ಫೋರ್ಕ್‌ಲಿಫ್ಟಿನಲ್ಲಿ. ಅಲ್ಲಿ ಆದದ್ದು ಡ್ರೈವರ್ ಒಬ್ಬನಿಗೇ ಗೊತ್ತು, ಬರೆದರೆ ಬೈಗುಳ ಎಂಬ ಭಯ ಹೋಗಿಲ್ಲ. ಹಾಗಾಗಿ ಒಂದು ಸೋಮವಾರ ಬೇಯ ಕಂಬಗಳಿಗೆಲ್ಲ ಸೊಂಟದ ಮಟ್ಟದವರೆಗೆ ಹೊಸದಾಗಿ ಹಳದಿ ಬಣ್ಣ ಹೊಡೆಸಿದೆ. ಶನಿವಾರ ಎಣಿಸಿದರೆ ಏಳು ಗೀರು, ಡಬ್ಬಿಯಲ್ಲಿ ಫೋರ್ಕ್‌ಲಿಫ್ಟಿನ ಕಾರ್ಡು ಒಂದೂ ಇಲ್ಲ.