ಶಾಖೆಗಳ ಬಂಪ್ ಚಾರ್ಟ್: ಗೆರೆಗಳು ಗೋಜಲಾದಾಗ ಏನು ಮಾಡಬೇಕು?

ಮುಂಬಯಿಯಲ್ಲಿ ನಮ್ಮವರ ಕ್ರೆಡಿಟ್ ಸೊಸೈಟಿಗಳ ಮಹಾಸಭೆಗೆ ಹೋದಾಗ ಒಂದು ಚಿತ್ರ ಆಗಾಗ ಕಣ್ಣಿಗೆ ಬೀಳುತ್ತದೆ. ಎಡಗಡೆ ಶಾಖೆಗಳ ಹೆಸರು, ಕೆಳಗೆ ತ್ರೈಮಾಸಿಕಗಳು, ನಡುವೆ ಹತ್ತು ಬಣ್ಣದ ಗೆರೆಗಳು. ಯಾವ ಶಾಖೆ ಮೇಲೆ ಹೋಯಿತು, ಯಾವುದು ಕೆಳಗೆ ಇಳಿಯಿತು ಎಂದು ತೋರಿಸುವುದು ಉದ್ದೇಶ. ಆದರೆ ಸಂಜೆ ದಾದರ್ ಸ್ಟೇಷನ್ನಿನ ಸೇತುವೆಯ ಮೇಲಿನ ಜನರಂತೆ ಗೆರೆಗಳು ಒಂದನ್ನೊಂದು ದಾಟುತ್ತಿರುತ್ತವೆ. ಸದಸ್ಯರು ಎರಡು ನಿಮಿಷ ದಿಟ್ಟಿಸಿ ನೋಡಿ, ಮುಂದಿನ ಸ್ಲೈಡ್ ಹಾಕಿ ಎನ್ನುತ್ತಾರೆ.

ಇದಕ್ಕೆ ಬಂಪ್ ಚಾರ್ಟ್ ಎನ್ನುತ್ತಾರೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ದೋಣಿ ಪಂದ್ಯಗಳ ದಾಖಲೆ ಇಡಲು ಇಂಥ ಚಿತ್ರ ಬಳಸುತ್ತಾರೆ. ಅಲ್ಲಿ ದೋಣಿಗಳು ಒಂದರ ಹಿಂದೊಂದು ಹೊರಟು, ಮುಂದಿನದಕ್ಕೆ ತಾಗಿದವರು ಮರುದಿನ ಅದರ ಜಾಗದಿಂದ ಹೊರಡುತ್ತಾರೆ. ಹೆಚ್ಚಾಗಿ ಅಕ್ಕಪಕ್ಕದ ದೋಣಿಗಳಷ್ಟೇ ಜಾಗ ಬದಲಿಸಿಕೊಳ್ಳುವುದರಿಂದ ಚಿತ್ರ ಚೊಕ್ಕಟವಾಗಿ ಉಳಿಯುತ್ತದೆ. ಶಾಖೆಗಳಿಗೆ ಅಂಥ ಕಟ್ಟುಪಾಡಿಲ್ಲ. ಒಂದೇ ತ್ರೈಮಾಸಿಕದಲ್ಲಿ ಆರನೆಯದು ಮೂರಕ್ಕೆ ಹಾರಬಹುದು. ತೊಂದರೆ ಶುರುವಾಗುವುದು ಅಲ್ಲಿಂದ.

ಅಂಕಿ ಜೋಡಿಸಿ, ಸ್ಥಾನ ತೆಗೆಯಿರಿ

ಎಕ್ಸೆಲ್‌ನಲ್ಲಿ A ಕಾಲಮ್ಮಿಗೆ ಶಾಖೆಗಳ ಹೆಸರು, B ಇಂದ E ವರೆಗೆ ನಾಲ್ಕು ತ್ರೈಮಾಸಿಕಗಳ ಹೊಸ ಠೇವಣಿ ಬರೆಯಿರಿ. ಎಂಟು ಶಾಖೆ ಎಂದುಕೊಳ್ಳೋಣ, 2ರಿಂದ 9ನೇ ಸಾಲು. ಪಕ್ಕದಲ್ಲಿ G ಕಾಲಮ್ಮಿಗೆ ಹೆಸರುಗಳನ್ನು ಮತ್ತೆ ಹಾಕಿ, H2ರಲ್ಲಿ ಈ ಸೂತ್ರ ಬರೆದು ಬಲಕ್ಕೂ ಕೆಳಕ್ಕೂ ಎಳೆಯಿರಿ:

```
=IF(B2="",NA(),RANK.EQ(B2,B$2:B$9,0)+COUNTIF(B$2:B2,B2)-1)
```

COUNTIF ಭಾಗ ಇರುವುದು ಇಬ್ಬರಿಗೆ ಒಂದೇ ಮೊತ್ತ ಬಂದಾಗ ಗೆರೆಗಳು ಒಂದರ ಮೇಲೊಂದು ಕೂರದಿರಲಿ ಎಂದು. ಸಮ ಬಂದಾಗ ಪಟ್ಟಿಯಲ್ಲಿ ಮೇಲಿರುವವರಿಗೆ ಮೇಲಿನ ಸ್ಥಾನ ಸಿಗುತ್ತದೆ. ಆದ್ದರಿಂದ ಪಟ್ಟಿಯನ್ನು ಅಕ್ಷರಕ್ರಮದಲ್ಲಿ ಇಡಬೇಡಿ, ಮೊದಲ ತ್ರೈಮಾಸಿಕದ ಸ್ಥಾನಕ್ರಮದಲ್ಲಿಡಿ.

NA() ಬಿಟ್ಟುಬಿಡುವವರು ಬಹಳ. ವರ್ಷದ ನಡುವೆ ತೆರೆದ ಶಾಖೆಯ ಹಿಂದಿನ ಮನೆಗೆ ಸೊನ್ನೆ ಬಿದ್ದರೆ, ಅಕ್ಷವನ್ನು ತಲೆಕೆಳಗು ಮಾಡಿದ ಮೇಲೆ ಆ ಸೊನ್ನೆ ಒಂದನೇ ಸ್ಥಾನಕ್ಕಿಂತ ಮೇಲೆ ಹೋಗಿ ಕೂರುತ್ತದೆ. ಇನ್ನೂ ಬೀಗ ತೆಗೆಯದ ಶಾಖೆಗೆ ಪಟ್ಟಾಭಿಷೇಕ! ಇನ್ನೊಂದು ಮಾತು: ಹೊಸ ಶಾಖೆ ನಾಲ್ಕನೆಯದಾಗಿ ಒಳಬಂದರೆ ಅದರ ಕೆಳಗಿನವರೆಲ್ಲ ತಮ್ಮ ತಪ್ಪಿಲ್ಲದೆ ಒಂದೊಂದು ಮೆಟ್ಟಿಲು ಇಳಿಯುತ್ತಾರೆ. ಚಿತ್ರದ ಕೆಳಗೆ ಅದನ್ನು ಒಂದು ಸಾಲಿನಲ್ಲಿ ಬರೆಯದಿದ್ದರೆ ಶಾಖಾ ಪ್ರಬಂಧಕರು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ.

ಚಾರ್ಟ್ ಹಾಕಿ

ಸ್ಥಾನಗಳ ಪಟ್ಟಿಯನ್ನು ಆಯ್ದು Line with Markers ಒತ್ತಿ. ತ್ರೈಮಾಸಿಕಗಳಿಗಿಂತ ಶಾಖೆಗಳು ಹೆಚ್ಚಿದ್ದರೆ ಎಕ್ಸೆಲ್ ಶಾಖೆಗಳನ್ನು ಕೆಳಗಿನ ಅಕ್ಷಕ್ಕೆ ಹಾಕಿಬಿಡುತ್ತದೆ. Select Data ಒಳಗೆ Switch Row/Column ಒತ್ತಿದರೆ ಸರಿಹೋಗುತ್ತದೆ. ಲಂಬ ಅಕ್ಷದಲ್ಲಿ Values in reverse order ಗುರುತು ಹಾಕಿ, Minimum 0, Maximum 9, Major unit 1 ಕೊಡಿ. ಆಗ ತ್ರೈಮಾಸಿಕಗಳ ಹೆಸರು ಮೇಲಕ್ಕೆ ಜಿಗಿಯುತ್ತದೆ, Maximum axis value ಆಯ್ದರೆ ಕೆಳಗಿಳಿಯುತ್ತದೆ. ಅಕ್ಷದ ಅಂಕಿಗಳನ್ನೂ ಅಡ್ಡಗೆರೆಗಳನ್ನೂ ತೆಗೆದುಹಾಕಿ.

ಲೆಜೆಂಡ್ ಅಳಿಸಿ. ಇದರಲ್ಲಿ ರಾಜಿ ಬೇಡ. ಎಂಟು ಬಣ್ಣಗಳನ್ನು ನೆನಪಿಟ್ಟುಕೊಂಡು ಕೆಳಗೂ ಮೇಲೂ ಕಣ್ಣಾಡಿಸಲು ಯಾರಿಗೂ ಪುರುಸೊತ್ತಿಲ್ಲ. ಪ್ರತಿ ಗೆರೆಯ ಕೊನೆಯ ಬಿಂದುವನ್ನಷ್ಟೇ ಆಯ್ದು Data Label ಸೇರಿಸಿ, Series Name ಗುರುತಿಸಿ, ಬಲಕ್ಕೆ ಇಡಿ. ಮೊದಲ ಬಿಂದುವಿಗೂ ಹಾಗೆಯೇ, ಎಡಕ್ಕೆ.

Smoothed line ಎಂಬ ಆಯ್ಕೆಯ ಆಸೆಗೆ ಬೀಳಬೇಡಿ. ಎರಡು ತ್ರೈಮಾಸಿಕ ಎರಡನೇ ಸ್ಥಾನದಲ್ಲೇ ಇದ್ದು ಆಮೇಲೆ ಐದಕ್ಕೆ ಇಳಿದ ಶಾಖೆಯ ಗೆರೆ, ನಯವಾಗುವ ಭರದಲ್ಲಿ, ಇಳಿಯುವ ಮೊದಲು ಸ್ವಲ್ಪ ಮೇಲೆ ಉಬ್ಬುತ್ತದೆ. ಹಾಗೆ ಅದು ಏರಿದ್ದೇ ಇಲ್ಲ. ಅಂತರ್ಜಾಲದಲ್ಲಿ ಸಿಗುವ ರೆಡಿಮೇಡ್ ಟೆಂಪ್ಲೇಟುಗಳಲ್ಲಿ ಹಲವು ಈ ನಯಗಾರಿಕೆಯನ್ನು ಮೊದಲೇ ಹಾಕಿಟ್ಟಿರುತ್ತವೆ, ತೆಗೆಯಿರಿ.

ಈಗ ಗೋಜಲಿನ ಮಾತು

ಕೈಕೊಡುವುದು ಇಲ್ಲಿ. ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ಅಂಕಿಗಳು ನಾನು ಕಟ್ಟಿದ್ದು, ಲಕ್ಷ ರೂಪಾಯಿಗಳಲ್ಲಿ ಹೊಸ ಠೇವಣಿ:

| ಶಾಖೆ | ಜನವರಿ–ಮಾರ್ಚ್ | ಸ್ಥಾನ | ಏಪ್ರಿಲ್–ಜೂನ್ | ಸ್ಥಾನ |
|---|---|---|---|---|
| ಡೊಂಬಿವಲಿ | 240 | 1 | 228 | 1 |
| ಥಾಣೆ | 215 | 2 | 205 | 2 |
| ಮಾಟುಂಗಾ | 142 | 3 | 131 | 6 |
| ಮುಲುಂಡ್ | 140 | 4 | 133 | 5 |
| ಘಾಟ್ಕೋಪರ್ | 139 | 5 | 135 | 4 |
| ಚೆಂಬೂರು | 137 | 6 | 136 | 3 |
| ವಾಶಿ | 90 | 7 | 112 | 7 |
| ಬೊರಿವಲಿ | 62 | 8 | 64 | 8 |

ಚಿತ್ರ ಬಿಡಿಸಿದರೆ ಮೇಲೆ ಎರಡು, ಕೆಳಗೆ ಎರಡು ನೆಟ್ಟಗಿನ ಗೆರೆ. ನಡುವೆ ನಾಲ್ಕು ಗೆರೆಗಳ ಒಂದು ಗಂಟು. ಮೂರು ಆರಕ್ಕೆ, ನಾಲ್ಕು ಐದಕ್ಕೆ, ಐದು ನಾಲ್ಕಕ್ಕೆ, ಆರು ಮೂರಕ್ಕೆ. ಲೆಕ್ಕ ಹಾಕಿದರೆ ನಾಲ್ಕೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆ ಬಿಂದುವಿಗೆ ಬಂದ ಕಣ್ಣಿಗೆ ಯಾವ ಗೆರೆ ಎತ್ತ ಹೊರಟಿತು ಎಂದು ತಿಳಿಯುವುದಿಲ್ಲ.

ಆದರೆ ಓದಲಾಗದ ಗಂಟಿಗಿಂತ ದೊಡ್ಡ ತಕರಾರು ಅದು ಹೇಳುವ ಸುದ್ದಿಯ ಮೇಲೆ. ಸಭೆಯಲ್ಲಿ ಎಲ್ಲರ ಕಣ್ಣು ಚೆಂಬೂರಿನ ಏರಿಕೆಗೆ ಹೋಗುತ್ತದೆ, ಮೂರು ಸ್ಥಾನ ಮೇಲೆ. ಅಂಕಿ ನೋಡಿ: ಚೆಂಬೂರಿನ ಠೇವಣಿ 137ರಿಂದ 136ಕ್ಕೆ ಇಳಿದಿದೆ. ಪಕ್ಕದವರು ಇನ್ನಷ್ಟು ಇಳಿದದ್ದರಿಂದ ಅದು ಮೇಲೆ ಕಂಡಿತು, ಅಷ್ಟೇ. ನಾಲ್ಕು ಶಾಖೆಗಳ ನಡುವಿನ ಒಟ್ಟು ಅಂತರ ಎರಡೂ ಸಲ 5 ಲಕ್ಷ, ನೂರಕ್ಕೆ 4ರಷ್ಟೂ ಅಲ್ಲ. ಒಬ್ಬ ಹೋಟೆಲ್ ಮಾಲಿಕರು ತಮ್ಮ ಫಿಕ್ಸೆಡ್ ಡೆಪಾಸಿಟನ್ನು ಜೂನ್ 30ರ ಬದಲು ಜುಲೈ 1ಕ್ಕೆ ಇಟ್ಟರೆ ಈ ಕ್ರಮವೇ ಬೇರೆಯಾಗುತ್ತಿತ್ತು. ಅತ್ತ ವಾಶಿ 22 ಲಕ್ಷ ಹೆಚ್ಚು ತಂದಿದೆ, ಪಟ್ಟಿಯಲ್ಲಿ ಅದಕ್ಕಿಂತ ದೊಡ್ಡ ಏರಿಕೆ ಇನ್ನೊಂದಿಲ್ಲ. ಚಿತ್ರದಲ್ಲಿ ಅದರ ಗೆರೆ ಅಲುಗಿಯೇ ಇಲ್ಲ.

ಹೀಗಾಗಿ ಗೋಜಲು ಕಂಡರೆ ಬಣ್ಣದ ಡಬ್ಬಿಗೆ ಕೈ ಹಾಕುವ ಮೊದಲು ಮೂಲ ಮೊತ್ತಗಳಿಗೆ ಹಿಂತಿರುಗಿ. ಗಂಟು ಬಿದ್ದ ಶಾಖೆಗಳ ಅಂತರ ಪುಡಿಗಾಸಿನದಾದರೆ ಆ ದಾಟಾಟಕ್ಕೆ ಅರ್ಥವಿಲ್ಲ. ಆ ನಾಲ್ಕನ್ನೂ ಒಂದೇ ತಿಳಿಬೂದು ಬಣ್ಣಕ್ಕೆ ಇಳಿಸಿ, ‘ಈ ನಾಲ್ಕರ ನಡುವೆ 5 ಲಕ್ಷದ ಅಂತರ ಮಾತ್ರ’ ಎಂದು ಪಕ್ಕದಲ್ಲೇ ಬರೆದುಬಿಡಿ.

ಎಷ್ಟು ದಾಟಿದರೆ ಹೆಚ್ಚು? ಇದನ್ನು ಎಣಿಸಬಹುದು. ಎರಡು ತ್ರೈಮಾಸಿಕಗಳ ನಡುವೆ ಯಾವ ಯಾವ ಜೋಡಿಯ ಹಿಂದುಮುಂದು ಬದಲಾಯಿತೋ ಅಷ್ಟು ದಾಟುಗಳು. H ಮತ್ತು I ಕಾಲಮ್ಮುಗಳಿಗೆ:

```
=SUMPRODUCT(--((H2:H9-TRANSPOSE(H2:H9))*(I2:I9-TRANSPOSE(I2:I9))<0))/2
```

ಹಳೆಯ ಎಕ್ಸೆಲ್ ಆದರೆ Ctrl+Shift+Enter ಒತ್ತಬೇಕು. ಪಟ್ಟಿಯಲ್ಲಿ #N/A ಇದ್ದರೆ ಆ ಸಾಲು ಬಿಟ್ಟು ಎಣಿಸಿ. ಎಂಟು ಶಾಖೆಗಳಲ್ಲಿ ಜೋಡಿಗಳು 28, ಚೀಟಿ ಎತ್ತಿ ಸ್ಥಾನ ಹಂಚಿದರೂ ಸರಾಸರಿ 14 ದಾಟು ಬರುತ್ತದೆ. ನಮ್ಮ ಉದಾಹರಣೆಯಲ್ಲಿ 6. ಲೆಕ್ಕಕ್ಕೆ ಕಡಿಮೆಯೇ, ಆದರೆ ಆರೂ ಒಂದೇ ಕಡೆ ಬಿದ್ದಿವೆ; ಅದಕ್ಕೇ ಸಂಖ್ಯೆಯ ಜೊತೆಗೆ ಜಾಗವನ್ನೂ ನೋಡಬೇಕು. ಪ್ರತಿ ಎರಡು ತ್ರೈಮಾಸಿಕಗಳ ನಡುವೆಯೂ 14ರ ಆಸುಪಾಸು ಬರುತ್ತಿದ್ದರೆ, ಈ ಸಲದ ಸ್ಥಾನ ಮುಂದಿನ ಸಲದ ಬಗ್ಗೆ ಏನನ್ನೂ ಹೇಳುತ್ತಿಲ್ಲ ಎಂದರ್ಥ. ಆಗ ಚಾರ್ಟನ್ನು ಸಿಂಗರಿಸುತ್ತ ಕೂರಬೇಡಿ. ಶಾಖೆ ಹೆಚ್ಚಿದಷ್ಟೂ ಪಾಡು ಕೆಡುತ್ತದೆ: ಹನ್ನೆರಡಕ್ಕೆ 66 ಜೋಡಿ, ಇಪ್ಪತ್ತಕ್ಕೆ 190. ಶಾಖೆಗಳು ಹನ್ನೆರಡಕ್ಕಿಂತ ಹೆಚ್ಚಾದರೆ ನಾನಂತೂ ಬಂಪ್ ಚಾರ್ಟ್ ಹಾಕುವುದಿಲ್ಲ.

ಬಿಡಿಸಲು ಸಾಧ್ಯವಿರುವ ಗಂಟು

ದಾಟುವಿಕೆ ನಿಜವಾದದ್ದೇ ಆಗಿದ್ದು, ಓದಲು ಮಾತ್ರ ಕಷ್ಟವಾಗಿದ್ದರೆ ದಾರಿ ಇದೆ. ಸಭೆಯಲ್ಲಿ ಯಾವ ಶಾಖೆಯ ಬಗ್ಗೆ ಮಾತಾಡುತ್ತೀರೋ ಅದಕ್ಕೆ, ಹೆಚ್ಚೆಂದರೆ ಎರಡಕ್ಕೆ, ಗಾಢ ಬಣ್ಣ ಮತ್ತು 3.5 ಪಾಯಿಂಟ್ ದಪ್ಪ. ಉಳಿದವೆಲ್ಲ ಬೂದು, 1.5 ಪಾಯಿಂಟ್. ಇಷ್ಟು ಮಾಡಿದರೂ ಬೂದು ಗೆರೆಗಳು ಬಣ್ಣದ ಗೆರೆಯ ಮೇಲೆ ಹಾದುಹೋಗುವುದುಂಟು, ಯಾಕೆಂದರೆ ಎಕ್ಸೆಲ್ ಪಟ್ಟಿಯ ಕ್ರಮದಲ್ಲೇ ಗೆರೆ ಎಳೆಯುತ್ತದೆ, ಕೊನೆಯದು ಎಲ್ಲಕ್ಕಿಂತ ಮೇಲೆ. Select Data ತೆರೆದು ನಿಮ್ಮ ಶಾಖೆಯನ್ನು ಬಾಣದ ಗುರುತಿನಿಂದ ಪಟ್ಟಿಯ ಕೊನೆಗೆ ಇಳಿಸಿ. ಇದಕ್ಕಾಗಿ Secondary Axis ಬಳಸಿ ಎಂದು ಸಲಹೆ ಕೊಡುವವರಿದ್ದಾರೆ. ಎರಡನೇ ಅಕ್ಷವನ್ನು ತಲೆಕೆಳಗು ಮಾಡಲು ಮರೆತರೆ ಒಂದನೇ ಸ್ಥಾನದವರು ಎಂಟನೆಯವರಾಗುತ್ತಾರೆ.

ಇನ್ನೂ ಬಿಡಿಯಾಗಿ ಕಾಣಬೇಕಿದ್ದರೆ ಅದೇ ಶಾಖೆಯ ಸಾಲನ್ನು ಇನ್ನೊಮ್ಮೆ ಸೇರಿಸಿ, ಅದಕ್ಕೆ 7 ಪಾಯಿಂಟಿನ ಬಿಳಿ ಗೆರೆ ಕೊಟ್ಟು, ಪಟ್ಟಿಯಲ್ಲಿ ಬಣ್ಣದ ಗೆರೆಗಿಂತ ಒಂದು ಜಾಗ ಮೊದಲಿಡಿ. ದಾಟುವ ಕಡೆಗಳಲ್ಲಿ ಬೂದು ಗೆರೆ ತುಂಡಾಗಿ, ನಿಮ್ಮದು ಸೇತುವೆ ಹಾದಂತೆ ಮೇಲೆ ಹೋಗುತ್ತದೆ. ಚಾರ್ಟನ್ನು ಅಗಲಕ್ಕೂ ಎಳೆಯಿರಿ. ತ್ರೈಮಾಸಿಕಗಳ ನಡುವೆ ಜಾಗ ಕಡಿಮೆಯಾದಷ್ಟೂ ಗೆರೆಗಳು ಕಡಿದಾಗಿ, ದಾಟುವ ಕೋನ ಕಿರಿದಾಗುತ್ತದೆ.

ಮಾರ್ಚ್ ತಿಂಗಳಿನ ಓಟದಿಂದಾಗಿ ಪ್ರತಿ ವರ್ಷ ಅದೇ ಜಾಗದಲ್ಲಿ ಗಂಟು ಬೀಳುತ್ತಿದ್ದರೆ, ಒಂದೊಂದು ತ್ರೈಮಾಸಿಕದ ಬದಲು ಹಿಂದಿನ ನಾಲ್ಕರ ಮೊತ್ತಕ್ಕೆ ಸ್ಥಾನ ಕೊಡಿ. ಎರಡು ವರ್ಷದ ಅಂಕಿಯಿಂದ ಐದೇ ಬಿಂದು ಸಿಗುತ್ತವೆ, ಹೊಸ ಏರಿಳಿತ ತಡವಾಗಿ ಕಾಣುತ್ತದೆ. ಆ ಬೆಲೆ ತೆರಲು ಸಿದ್ಧರಿದ್ದರೆ ಗೆರೆಗಳು ಗಮನಾರ್ಹವಾಗಿ ಶಾಂತವಾಗುತ್ತವೆ.

ಇಷ್ಟಕ್ಕೂ ಬಗ್ಗದಿದ್ದರೆ ಚಾರ್ಟ್ ಅಳಿಸಿ, ಸ್ಥಾನಗಳ ಪಟ್ಟಿಯನ್ನೇ ಇಟ್ಟು Conditional Formatting ಒಳಗಿನ Color Scales ಹಾಕಿ. ಒಂದೇ ಬಣ್ಣದ ಗಾಢ–ತಿಳಿ ಸಾಕು, ಕೆಂಪು–ಹಸಿರು ಬೇಡ; ವಾರ್ಷಿಕ ವರದಿ ಕಪ್ಪುಬಿಳುಪಿನಲ್ಲಿ ಅಚ್ಚಾದಾಗ ಎರಡೂ ಒಂದೇ ಬೂದು ಆಗಿಬಿಡಬಹುದು. ಪಕ್ಕದಲ್ಲಿ ಮೊತ್ತದ ಕಾಲಮ್ಮೂ ಇರಲಿ, ವಾಶಿಯ 22 ಲಕ್ಷ ಅಲ್ಲಾದರೂ ಕಾಣುತ್ತದೆ.