ಉಂಡೆಯ ಮೇಲಿನ ಲೇಬಲ್ ಓದಿ ಕಡ್ಡಿ ಆರಿಸುವುದು ಹೇಗೆ?

ಪುಣೆಯ ತುಳಶೀಬಾಗಿನಲ್ಲಿ ಹೆಣಿಗೆಯ ನೂಲನ್ನು ಸಾಮಾನ್ಯವಾಗಿ ‘ಲೋಕರ್’ ಎಂದು ಕೇಳುತ್ತೇವೆ, ಮನೆಯಲ್ಲಿ ‘ಉಲ್ಲನ್’ ಎನ್ನುತ್ತೇವೆ. ಆದರೆ ಕೈಗೆ ಬರುವ ಉಂಡೆ ಬಹಳ ಸಲ ಅಕ್ರಿಲಿಕ್ ಆಗಿರುತ್ತದೆ. ಆದ್ದರಿಂದ ಲೇಬಲ್‌ನಲ್ಲಿ ಮೊದಲು ನೂಲು ಯಾವುದರದ್ದು ಎಂಬುದನ್ನು ನೋಡಬೇಕು.

ಉಣ್ಣೆಯ ಎಳೆಗೆ ಸಹಜವಾದ ಸುರುಳಿ ಇರುವುದರಿಂದ ಎಳೆದರೂ ಹಿಂದಕ್ಕೆ ಬರುತ್ತದೆ, ಹೀಗಾಗಿ ತೋಳಿನ ಅಂಚು ಬಿಗಿಯಾಗಿ ನಿಲ್ಲುತ್ತದೆ. ಆದರೆ ಬಿಸಿನೀರಿನಲ್ಲಿ ಉಜ್ಜಿದರೆ ಕುಗ್ಗಿ ಕಂಬಳಿಯಂತೆ ಗಟ್ಟಿಯಾಗುತ್ತದೆ. ಅಕ್ರಿಲಿಕ್ ಅಗ್ಗ, ಒಗೆಯುವುದೂ ಸುಲಭ, ಆದರೆ ಬೆವರನ್ನು ಹೀರುವುದಿಲ್ಲ. ಅದಕ್ಕೆ ಇಸ್ತ್ರಿ ತಾಗಿಸಲೇಬಾರದು. ಒಮ್ಮೆ ನಾನು ಅಕ್ರಿಲಿಕ್ ಸ್ವೆಟರಿನ ಅಂಚನ್ನು ಸಮ ಮಾಡಲು ಇಸ್ತ್ರಿ ಒತ್ತಿದಾಗ ಅದು ಚಪ್ಪಟೆಯಾಗಿ ಜೋತುಬಿತ್ತು. ಆ ನಂತರ ಎಷ್ಟು ಒಗೆದರೂ ಅದರ ಬಿಗಿ ಮರಳಲಿಲ್ಲ. ಹತ್ತಿ ಮುಂಬೈ, ಗೋವಾದ ಸೆಕೆಗೆ ಹಿತ, ಆದರೆ ಹಿಗ್ಗಿದರೆ ಹಿಂದಕ್ಕೆ ಬರುವುದು ಕಡಿಮೆ, ತನ್ನ ಭಾರಕ್ಕೇ ಕೆಳಗೆ ಇಳಿಯುತ್ತದೆ.

ಮುಂದಿನದು ಪ್ಲೈ. ಮೂಲ ಅರ್ಥದಲ್ಲಿ ಅದು ಹೊಸೆದ ಎಳೆಗಳ ಲೆಕ್ಕ: ನೂಲಿನ ತುದಿಯನ್ನು ಹುರಿ ಬಿಚ್ಚಿದರೆ ಎಳೆಗಳನ್ನು ಎಣಿಸಬಹುದು. ಎಳೆಗಳೇ ದಪ್ಪವಾಗಿದ್ದರೆ ಎರಡೆಳೆಯ ನೂಲೂ ನಾಲ್ಕೆಳೆಯದಕ್ಕಿಂತ ದಪ್ಪವಾಗಬಹುದು. ಆದರೆ ಬ್ರಿಟನ್, ಆಸ್ಟ್ರೇಲಿಯಾಗಳ ವಿನ್ಯಾಸಗಳಲ್ಲಿ ‘4 ಪ್ಲೈ’ ಎಂಬುದು ದಪ್ಪದ ಒಂದು ದರ್ಜೆಯ ಹೆಸರೂ ಹೌದು. ಹಾಗಾಗಿ ಪ್ಲೈ ಒಂದನ್ನೇ ನಂಬದೆ, ಲೇಬಲ್‌ನಲ್ಲಿರುವ ಕಡ್ಡಿಯ ಮಿಲಿಮೀಟರ್ ಅಳತೆಯನ್ನೂ 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಎಂಬುದನ್ನೂ ನೋಡಿ.

ಎಡವುವುದು ಹೆಚ್ಚಾಗಿ ಇಲ್ಲಿಯೇ. ನಮ್ಮ ಅಂಗಡಿಗಳ ಅನೇಕ ಕಡ್ಡಿಗಳ ಮೇಲೆ ಹಳೆಯ ಬ್ರಿಟಿಷ್ ಸಂಖ್ಯೆ ಇರುತ್ತದೆ. ಅದರಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ತೆಳು. 8ನೇ ನಂಬರ್ ಎಂದರೆ 4 ಮಿಲಿಮೀಟರ್, 10ನೇ ನಂಬರ್ 3.25 ಮಿಲಿಮೀಟರ್. ಅಮೆರಿಕದ ಸಂಖ್ಯೆ ಇದಕ್ಕೆ ತಿರುಗುಮುರುಗು, ಅಲ್ಲಿಯ 8 ಎಂದರೆ 5 ಮಿಲಿಮೀಟರ್. ಅಂತರ್ಜಾಲದ ವಿನ್ಯಾಸ ನೋಡಿ ಹೆಣೆಯುವವರು ಅಂಗಡಿಯಲ್ಲಿ ನಂಬರ್ ಹೇಳದೆ ಮಿಲಿಮೀಟರನ್ನೇ ಕೇಳುವುದು ಒಳ್ಳೆಯದು.

ಲೇಬಲ್‌ನಲ್ಲಿ 4 ಮಿಲಿಮೀಟರ್ ಕಡ್ಡಿ, 22 ಕುಣಿಕೆ ಎಂದಿದೆ, ಸ್ವೆಟರಿನ ಮುಂಭಾಗ 50 ಸೆಂಟಿಮೀಟರ್ ಅಗಲ ಬೇಕು ಎನ್ನೋಣ. ಲೆಕ್ಕಕ್ಕೆ 110 ಕುಣಿಕೆ. ಮೊದಲು 15 ಸೆಂಟಿಮೀಟರಿನ ಚೌಕವೊಂದನ್ನು ಹೆಣೆದು, ಒಗೆದು, ಒಣಗಿಸಿ, ನಡುವಿನ 10 ಸೆಂಟಿಮೀಟರಿನಲ್ಲಿ ಎಣಿಸಿ. ಬಿಗಿಯಾಗಿ ಹೆಣೆಯುವ ಕೈಗೆ ಅಲ್ಲಿ 24 ಬಂದರೆ, ಅದೇ 110 ಕುಣಿಕೆಗೆ ಸಿಗುವ ಅಗಲ ಸುಮಾರು 46 ಸೆಂಟಿಮೀಟರ್. ಹಿಂಭಾಗವೂ ಸೇರಿದರೆ ಎದೆಯ ಸುತ್ತಳತೆಯಲ್ಲಿ 8 ಸೆಂಟಿಮೀಟರ್ ಕೊರತೆ. ಆಗ 4.5 ಮಿಲಿಮೀಟರಿನ, ಅಂದರೆ 7ನೇ ನಂಬರಿನ ಕಡ್ಡಿಯಲ್ಲಿ ಮತ್ತೊಂದು ಚೌಕ ಹೆಣೆದು, 22 ಬಂದ ಮೇಲೆ ಸ್ವೆಟರ್ ಆರಂಭಿಸಿ. ಹತ್ತಿಯ ನೂಲಾದರೆ ಚೌಕವನ್ನು ಒಂದು ದಿನ ಕ್ಲಿಪ್ಪಿಗೆ ತೂಗುಹಾಕಿ, ಅದು ಎಷ್ಟು ಉದ್ದಕ್ಕೆ ಇಳಿಯಿತೆಂದು ನೋಡಿಕೊಂಡೇ ಉದ್ದವನ್ನು ನಿರ್ಧರಿಸಿ.